ಖುಲಾಸೆ ಪತ್ರದ ಕರಡಿಗೆ ಕೆಂಪು ಶಾಯಿ ಹಾಕಿದ್ದೇನೆ

ಹಾಸನ, ಭಾನುವಾರ

ಚಿ. ಸೌ. ಸುಮಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ಮನೆಯ ಪಾಲಿನ ಹಕ್ಕು ಬಿಟ್ಟುಕೊಡುವ ಖುಲಾಸೆ ಪತ್ರ ಅಂತ ನೀನು ವಾಟ್ಸಾಪಿನಲ್ಲಿ ಕಳಿಸಿದ ಕರಡು ಫೋನಿನಲ್ಲಿ ಓದಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಎರಡು ಸಲ ಓದಿದೆ. ಮೂವತ್ತು ವರ್ಷ ಇಂಥವನ್ನೇ ಬರೆದು ಹೊಟ್ಟೆ ಹೊರೆದವನು ನಾನು, ಕೆಂಪು ಪೆನ್ನು ತಾನಾಗಿಯೇ ಕೈಗೆ ಬಂತು. ಚಿಕ್ಕಮಗಳೂರಿನ ಮನೆಯಲ್ಲಿ ನಿನ್ನ ಪಾಲನ್ನು ನಿಮ್ಮಣ್ಣ ರಾಘುವಿಗೆ ಬಿಟ್ಟುಕೊಡಬೇಕೋ ಬೇಡವೋ ಅನ್ನುವುದು ನಿನಗೆ ಬಿಟ್ಟ ವಿಷಯ, ನಾನು ಬಾಯಿ ಹಾಕುವುದಿಲ್ಲ. ಆದರೆ ಈ ಕಾಗದಕ್ಕೆ ಮಾತ್ರ ಸಹಿ ಹಾಕಬೇಡ.

ಮೊದಲು ಲೆಕ್ಕ. ನಿಮ್ಮಪ್ಪ, ಅಂದರೆ ನಮ್ಮ ಭಾವ, ತಮ್ಮ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿದ ಮನೆ ಅದು, ವಿಲ್ ಬರೆಯದೆ ತೀರಿಕೊಂಡರು. ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮಮ್ಮ, ರಾಘು, ಚಂದ್ರು, ನೀನು, ನಾಲ್ವರಿಗೂ ಸಮಪಾಲು, ಅಂದರೆ ನಾಲ್ಕರಲ್ಲಿ ಒಂದೊಂದು. ನೀನು ರಾಘುವಿನ ಹೆಸರು ಹೇಳಿ ಖುಲಾಸೆ ಬರೆದುಕೊಟ್ಟರೆ ಅವನದು ಅರ್ಧವಾಗುತ್ತದೆ, ಅಮ್ಮನದೂ ಚಂದ್ರುವಿನದೂ ಕಾಲುಕಾಲೇ ಉಳಿಯುತ್ತದೆ. ಕರಡಿನಲ್ಲಿ ಒಂದು ಕಡೆ ‘ರಾಘುವಿಗೆ’ ಅಂತಿದೆ, ಕೆಳಗೆ ‘ಇತರ ಹಕ್ಕುದಾರರ ಲಾಭಕ್ಕೆ’ ಅಂತಿದೆ. ಎರಡನೆಯದೇ ನಿಂತರೆ ನಿನ್ನ ಕಾಲು ಭಾಗ ಮೂವರಿಗೂ ಹಂಚಿಹೋಗಿ ತಲಾ ಮೂರರಲ್ಲಿ ಒಂದಾಗುತ್ತದೆ. ನಾಳೆ ರಾಘು ಅರ್ಧ ಅನ್ನುತ್ತಾನೆ, ಚಂದ್ರು ಮೂರನೇ ಒಂದು ಅನ್ನುತ್ತಾನೆ, ಇಬ್ಬರೂ ನಿನ್ನದೇ ಪತ್ರ ತೋರಿಸುತ್ತಾರೆ. ಆದ್ದರಿಂದ ಯಾರಿಗೆ, ಎಷ್ಟು ಭಾಗ ಅನ್ನುವುದನ್ನು ಒಂದೇ ವಾಕ್ಯದಲ್ಲಿ, ಭಾಗವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆಸು.

ಬ್ಯಾಂಕ್ ಸಾಲಕ್ಕೆ ಅನುಕೂಲ ಅಂತ ನಿಮ್ಮತ್ತಿಗೆಯ ಹೆಸರನ್ನೂ ಸೇರಿಸುವ ಮಾತಿದೆ ಅಂದೆಯಲ್ಲ, ಅದು ಆಗದ ಕೆಲಸ. ಮೊದಲೇ ಪಾಲಿದ್ದವರಿಗೆ ಮಾತ್ರ ಪಾಲು ಖುಲಾಸೆ ಮಾಡಬಹುದು. ಅತ್ತಿಗೆಗೆ ಆ ಮನೆಯಲ್ಲಿ ಹಕ್ಕಿಲ್ಲ, ಅವಳಿಗೆ ಕೊಡಬೇಕೆಂದರೆ ಅದು ದಾನಪತ್ರವೋ ಕ್ರಯಪತ್ರವೋ ಆಗುತ್ತದೆ, ಸ್ಟಾಂಪಿನ ಲೆಕ್ಕವೂ ಬೇರೆ. ರಾಘು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ಹೆಂಡತಿಗೆ ಏನು ಕೊಡುತ್ತಾನೋ ಕೊಡಲಿ.

ಇನ್ನು ನನ್ನ ನಿದ್ದೆ ಕೆಡಿಸಿದ ಸಾಲು. ಎರಡನೇ ಪುಟದ ನಡುವೆ, ಯಾರೂ ನಿಂತು ಓದದ ಜಾಗದಲ್ಲಿ ಹೀಗಿದೆ: ‘ಸದರಿ ಮನೆಯಲ್ಲಾಗಲಿ, ನಮ್ಮ ಕುಟುಂಬದ ಇತರೆ ಯಾವುದೇ ಚರ ಸ್ಥಿರ ಸ್ವತ್ತುಗಳಲ್ಲಾಗಲಿ ನನಗೆ ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ.’ ಇದು ಹಳೆಯ ನಮೂನೆಯ ಸಾಲು. ಟೈಪ್ ಮಾಡುವವನು ಹಿಂದಿನ ಯಾವುದೋ ಪತ್ರದಿಂದ ಎತ್ತಿ ಹಾಕಿರುತ್ತಾನೆ, ರಾಘುವಿಗೂ ಗೊತ್ತಿರಲಾರದು. ಆದರೆ ಮೂಡಿಗೆರೆ ಕಡೆಯ ಕಾಫಿ ತೋಟ ಇದೆಯಲ್ಲ, ನಿಮ್ಮ ಮುತ್ತಜ್ಜನ ಕಾಲದಿಂದ ಬಂದದ್ದು? ಅದೇ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅದರಲ್ಲಿ ನಿನಗೆ ಹುಟ್ಟಿನಿಂದಲೇ ಅಣ್ಣತಮ್ಮಂದಿರಷ್ಟೇ ಪಾಲು. ಈ ಸಾಲಿಗೆ ಸಹಿ ಹಾಕಿದರೆ ಮನೆಯ ಹೆಸರಲ್ಲಿ ತೋಟಕ್ಕೂ ಕೈತೊಳೆದುಕೊಂಡೆ ಅಂತ ವಾದ ಹೂಡಲು ಎಡೆ ಕೊಟ್ಟ ಹಾಗೆ. ನನ್ನ ಸ್ವಂತ ಅಕ್ಕನಿಗೇ ಇದು ಆಗಿದೆ, ನೀನಿನ್ನೂ ಹುಟ್ಟಿರಲಿಲ್ಲ. ಮನೆಯೊಂದನ್ನು ಬಿಟ್ಟೆ ಅಂದುಕೊಂಡಿದ್ದಳು, ಗದ್ದೆಯ ಪಾಲು ಕೇಳಲು ಹೋದಾಗ ಇದೇ ಸಾಲನ್ನು ಓದಿ ಹೇಳಿದರು. ಆ ಪತ್ರ ಬರೆದವನು ನಾನೇ. ಆಗ ಕೆಲಸ ಕಲಿಯುತ್ತಿದ್ದೆ, ಗುರುಗಳ ನಮೂನೆ ನೋಡಿ ನಕಲು ಮಾಡಿದ್ದೆ.

ಆ ಸಾಲನ್ನು ಹೊಡೆದು ಹಾಕಿ, ‘ಈ ಖುಲಾಸೆಯು ಕೆಳಕಂಡ ಷೆಡ್ಯೂಲ್ ಸ್ವತ್ತಿಗೆ ಮಾತ್ರ ಸೀಮಿತ, ಕುಟುಂಬದ ಬೇರೆ ಸ್ವತ್ತುಗಳಲ್ಲಿನ ನನ್ನ ಹಕ್ಕಿಗೆ ಬಾಧಕವಿಲ್ಲ’ ಅಂತ ಬರೆದಿದ್ದೇನೆ. ಷೆಡ್ಯೂಲಿನಲ್ಲಿ ನಗರಸಭೆಯ ಇ-ಖಾತೆಯಲ್ಲಿರುವ ಸ್ವತ್ತಿನ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಇರಲೇಬೇಕು. ಕರಡಿನಲ್ಲಿ ಪೂರ್ವಕ್ಕೆ ‘ಖಾಲಿ ನಿವೇಶನ’ ಅಂತಿದೆ. ಅಲ್ಲಿ ಮನೆ ಎದ್ದು ಹತ್ತು ವರ್ಷವಾಯಿತು. ಖಾತೆ ಇನ್ನೂ ಭಾವನ ಹೆಸರಲ್ಲೇ ಇದೆಯಂತೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಮೊದಲು ನಾಲ್ವರ ಹೆಸರಿಗೆ ಮಾಡಿಸಿಕೊಳ್ಳಿ, ಮುಂದಿನ ದಾರಿ ಸಲೀಸು.

ಹಣದ ವಿಷಯ ಮಾತಾಡಲು ನಿನಗೆ ಸಂಕೋಚ, ನನಗಿಲ್ಲ. ಒಟ್ಟು 12 ಲಕ್ಷ ಅಂತ ಮಾತಾಗಿದೆ, ನಿನ್ನ ಖಾತೆಗೆ ಬಂದಿರುವುದು 4 ಲಕ್ಷ, ಉಳಿದ 8 ಕಾಫಿ ಮಾರಿದ ಮೇಲೆ. ಕರಡಿನಲ್ಲಿ ‘ಪೂರ್ತಿ ಮೊಬಲಗು ಮುಟ್ಟಿರುತ್ತದೆ’ ಅಂತಿದೆ. ಮುಟ್ಟಿದೆ ಅಂತ ನೀನೇ ಬರೆದುಕೊಟ್ಟ ಮೇಲೆ ಮುಟ್ಟಿಲ್ಲ ಅಂತ ಸಾಬೀತು ಮಾಡುವ ಹೊರೆ ನಿನ್ನ ತಲೆಗೇ ಬರುತ್ತದೆ. ಬಾಕಿಗೆ ದಾವೆ ಹಾಕಬಹುದೇ ಹೊರತು, ಹೋದ ಪಾಲು ಸುಲಭಕ್ಕೆ ತಿರುಗಿ ಬರುವುದಿಲ್ಲ. ಕಾಫಿ ಮಾರಿದ ಮೇಲೇ ನೋಂದಣಿ ಇಟ್ಟುಕೊಳ್ಳಿ, ಅವಸರವೇನು? ಆ ದಿನ 8 ಲಕ್ಷದ ಡಿಡಿ ತರಲಿ, ಅದರ ನಂಬರು, ತಾರೀಖು, ಬ್ಯಾಂಕಿನ ಹೆಸರು, ಜೊತೆಗೆ ಹಿಂದಿನ 4 ಲಕ್ಷದ ವಿವರ ಎಲ್ಲ ಪತ್ರದೊಳಗೇ ಬರಲಿ. ದುಡ್ಡು ಪಡೆದು ಹಕ್ಕು ಬಿಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಆಸ್ತಿ ವರ್ಗಾವಣೆ, ನಿಮ್ಮ ಯಜಮಾನರ ಆಡಿಟರನ್ನು ಮೊದಲೇ ಕೇಳಿಟ್ಟುಕೋ.

‘ಮುಂದೆ ಯಾವುದೇ ತಕರಾರು ಬಂದರೂ ನನ್ನ ಖರ್ಚಿನಲ್ಲಿ ಪರಿಹರಿಸಿಕೊಡುತ್ತೇನೆ’ ಅನ್ನುವುದು ಕ್ರಯಪತ್ರದ ಮಾತು. ಭಾವ ಯಾರಿಗೆ ಏನು ಬರೆದುಕೊಟ್ಟಿದ್ದಾರೋ ನಿನಗೇನು ಗೊತ್ತು? ‘ನನ್ನ ಪಾಲನ್ನು ನಾನು ಬೇರೆ ಯಾರಿಗೂ ಪರಭಾರೆ ಮಾಡಿಲ್ಲ, ಅಡವಿಟ್ಟಿಲ್ಲ’ ಎನ್ನುವಷ್ಟಕ್ಕೆ ಮಾತ್ರ ನೀನು ಹೊಣೆ. ಮನೆಯ ಮೇಲಿನ ಹಳೆಯ ಸಾಲ, ಕಂದಾಯದ ಬಾಕಿ ನಿನ್ನ ಭಾಗದ ಮಟ್ಟಿಗೆ ರಾಘುವಿನದು ಅಂತ ಒಂದು ಸಾಲು ಸೇರಿಸಿದ್ದೇನೆ. ಅದಕ್ಕಾಗಿ ಅವನೂ ಸಹಿ ಹಾಕಬೇಕು.

ನಿಮ್ಮಮ್ಮ ಖುಲಾಸೆ ಬರೆದುಕೊಡುವುದು ಬೇಡ. ಅವಳ ಕಾಲು ಭಾಗ ಅವಳ ಹೆಸರಲ್ಲೇ ಇರಲಿ. ‘ಅಮ್ಮ ಜೀವಂತ ಇರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಿಗೆ ರಾಘು ಅಡ್ಡಿ ಮಾಡತಕ್ಕದ್ದಲ್ಲ’ ಅನ್ನುವುದನ್ನೂ ಸೇರಿಸಿದ್ದೇನೆ. ರಾಘು ಮುಖ ಸಿಂಡರಿಸಬಹುದು, ಮಾವ ಬರೆದದ್ದು ಅಂತ ಹೇಳು.

ನಿನ್ನ ಗಂಡನ ಸಹಿ, ಮಕ್ಕಳ ಸಹಿ ಬೇಕು ಅಂತ ಯಾರೋ ಹೆದರಿಸಿದ್ದಾರಂತೆ. ಅಪ್ಪನ ಸ್ವಂತ ಸ್ವತ್ತಿನಿಂದ ನಿನಗೆ ಬಂದ ಪಾಲಿಗೆ ನೀನೊಬ್ಬಳೇ ಒಡತಿ, ಅವರು ಪಾರ್ಟಿ ಆಗಬೇಕಿಲ್ಲ. ಯಜಮಾನರು ಬೇಕಿದ್ದರೆ ಸಾಕ್ಷಿ ಹಾಕಲಿ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಸ್ಥಿರಾಸ್ತಿಯ ಖುಲಾಸೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ಹಕ್ಕು ಕೈ ಬದಲಾಗುವುದಿಲ್ಲ. ಸಹಿ ಹಾಕಿದ ದಿನದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಒಡಹುಟ್ಟಿದವರ ನಡುವಿನ ಖುಲಾಸೆಗೆ ಕುಟುಂಬದ ರಿಯಾಯಿತಿ ಇದೆ, ಆ ದಿನದ ದರ ಎಷ್ಟೆಂದು ಕಚೇರಿಯಲ್ಲೇ ಕೇಳಿ.

ತಿದ್ದಿದ ಪ್ರತಿಯನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ಬರುವ ನಮ್ಮ ಪಕ್ಕದ ಮನೆ ಹುಡುಗನ ಕೈಲಿ ಕಳಿಸುತ್ತೇನೆ. ನಿಮ್ಮತ್ತೆ ಮಾಡಿದ ಕೋಡುಬಳೆಯೂ ಇದೆ. ಎಣ್ಣೆ ಕಾಗದಕ್ಕೆ ತಾಗದಿರಲಿ ಅಂತ ಬೇರೆ ಚೀಲದಲ್ಲಿ ಕಟ್ಟಿಸಿದ್ದೇನೆ.

ಇತಿ,
ನಿನ್ನ ಮಾವ