ಒಂದು ದಿನದ ರಜೆಯ ಬೆಲೆ 300 ರೂಪಾಯಿಯೋ, 900 ರೂಪಾಯಿಯೋ? ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ಮಂಗಳೂರಿನ ಕುಳಾಯಿಯಿಂದ ಒಬ್ಬ ಕಾರ್ಮಿಕೆಯ ನಮಸ್ಕಾರಗಳು.

ನಾನು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡಿದವಳು. ಮದುವೆಗೆ ಮೊದಲು ಸೇರಿದ್ದು. ಮಗಳು ಕಾಲೇಜಿಗೆ ಹೋಗುವವರೆಗೂ ಅಲ್ಲೇ ದುಡಿದೆ. 2025ರ ಜೂನ್ ಮೊದಲ ವಾರ ರಾಜೀನಾಮೆ ಕೊಟ್ಟು ಹೊರಗೆ ಬಂದೆ. ಉಳಿದ ರಜೆಯ ಹಣ ಅಂತ ನನ್ನ ಕೈಗೆ ಬಂದದ್ದು 9,000 ರೂಪಾಯಿ. ಕಾನೂನಿನ ಪ್ರಕಾರ ಬರಬೇಕಾಗಿದ್ದದ್ದು 47,700. ಉಳಿದ ಹಣಕ್ಕೆ ಇವತ್ತಿಗೂ ಅಲೆಯುತ್ತಿದ್ದೇನೆ. ಅದಕ್ಕೇ ಈ ಪತ್ರ.

ನಾನು ಕೆಲಸ ಬಿಟ್ಟ ಹೊತ್ತಿಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ 1948ರ ಕಲಂ 79 ಮತ್ತು 80 ನಿಮಗೆ ಗೊತ್ತೇ ಇರುತ್ತದೆ. ನಿಮ್ಮ ಇಲಾಖೆಯೇ ನೋಡಿಕೊಳ್ಳಬೇಕಾಗಿದ್ದ ಕಾಯ್ದೆ ಅದು. ಆದರೆ ನನ್ನ ಜೊತೆ ಕೆಲಸ ಮಾಡಿದ ಹೆಂಗಸರಿಗೆ ಗೊತ್ತಿಲ್ಲ. ನನಗೂ ಕೆಲಸ ಬಿಟ್ಟ ಮೇಲೆಯೇ ಗೊತ್ತಾದದ್ದು. ಆದ್ದರಿಂದ ಅವರಿಗೂ ಅರ್ಥವಾಗುವ ಹಾಗೆ ನನ್ನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ನನ್ನ ತಿಂಗಳ ಸಂಬಳ 23,400. ಅದರಲ್ಲಿ ಬೇಸಿಕ್ 9,000, ಡಿಎ 5,400, ಮನೆ ಬಾಡಿಗೆ ಭತ್ಯೆ 6,000, ಪ್ರಯಾಣ ಭತ್ಯೆ 3,000. ಕಂಪನಿಯವರು ಏನು ಮಾಡಿದರು ಅಂದರೆ, ಬೇಸಿಕ್ ಒಂದನ್ನೇ ತೆಗೆದುಕೊಂಡು 30ರಿಂದ ಭಾಗಿಸಿದರು. ದಿನಕ್ಕೆ 300 ಆಯಿತು. ಅದನ್ನು 30 ದಿನಕ್ಕೆ ಲೆಕ್ಕ ಹಾಕಿ 9,000 ಕೊಟ್ಟರು.

ಕಲಂ 80 ಹೇಳುವುದೇ ಬೇರೆ. ರಜೆಗೆ ಹೋಗುವ ಮೊದಲಿನ ತಿಂಗಳಲ್ಲಿ ಕಾರ್ಮಿಕ ನಿಜವಾಗಿ ಕೆಲಸ ಮಾಡಿದ ದಿನಗಳ ಒಟ್ಟು ಗಳಿಕೆ ಎಷ್ಟು, ಅದರ ದಿನದ ಸರಾಸರಿ ಎಷ್ಟು ಅಂತ ನೋಡಬೇಕು. ಓವರ್‌ಟೈಮ್ ಮತ್ತು ಬೋನಸ್ ಬಿಡಬೇಕು, ಡಿಎ ಸೇರಿಸಬೇಕು. ಬೇಸಿಕ್ ಮಾತ್ರ ಅಂತ ಅಲ್ಲಿ ಎಲ್ಲೂ ಇಲ್ಲ. 30ರಿಂದ ಭಾಗಿಸಿ ಅಂತಲೂ ಇಲ್ಲ. ಮೇ ತಿಂಗಳಲ್ಲಿ ನಾನು ಕೆಲಸ ಮಾಡಿದ್ದು 26 ದಿನ. 23,400ನ್ನು 26ರಿಂದ ಭಾಗಿಸಿ ನೋಡಿ, ದಿನಕ್ಕೆ 900 ಬರುತ್ತದೆ. ಸ್ವಾಮೀ, 900 ಇರಬೇಕಾದ ಕಡೆ 300! ಮೂರರಲ್ಲಿ ಎರಡು ಪಾಲು ಬರೇ ಒಂದು ಭಾಗಾಕಾರದಲ್ಲಿ ಹೋಯಿತು. ಯಾರೂ ಕಳ್ಳತನ ಅನ್ನಲಿಲ್ಲ. "ಕಂಪನಿ ಪಾಲಿಸಿ" ಅಂದರು.

ಇನ್ನು ದಿನಗಳ ಲೆಕ್ಕ. ಇಲ್ಲೇ ನನಗೆ ಜಾಸ್ತಿ ನೋವಾದದ್ದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

2024ರ ಮಳೆಗಾಲದಲ್ಲಿ ಕಾರ್ಕಳದಲ್ಲಿದ್ದ ನನ್ನ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್‌ಗೆ ದಿನ ಕೊಟ್ಟಿದ್ದರು. ನೋಡಿಕೊಳ್ಳುವ ಮಗಳು ಅಂತ ಇದ್ದವಳು ನಾನೊಬ್ಬಳೇ. ಹದಿನೈದು ದಿನ ಮೊದಲೇ ಲಿಖಿತ ಅರ್ಜಿ ಕೊಟ್ಟು ಹತ್ತು ದಿನ ರಜೆ ಕೇಳಿದೆ. ಕಾಯ್ದೆ ಕೇಳುವುದೂ ಅಷ್ಟೇ ಮುಂಚಿತ ಸಮಯ. ಸೂಪರ್‌ವೈಸರ್ ಅರ್ಜಿಯ ಮೇಲೆ "ಆಳಿಲ್ಲ, ಆಗುವುದಿಲ್ಲ" ಅಂತ ಬರೆದು ವಾಪಸ್ ಕೊಟ್ಟರು. ಎಚ್‌ಆರ್ ಹತ್ತಿರ ಹೋಗಿ ಅತ್ತೆ. "ಎಕ್ಸ್‌ಪೋರ್ಟ್ ಆರ್ಡರ್ ಉಂಟು ಮಾರಾಯ್ರೆ, ರಜೆ ಎಲ್ಲಿಗೂ ಓಡಿ ಹೋಗುವುದಿಲ್ಲ, ಅಲ್ಲೇ ಇರ್ತದೆ" ಅಂದರು. ಆಪರೇಷನ್ ದಿನ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇದ್ದದ್ದು ಪಕ್ಕದ ಮನೆಯವರು. ನಾನು ಶಿಫ್ಟ್ ಮುಗಿಸಿ ಬಸ್ ಹಿಡಿದು ಕಾರ್ಕಳಕ್ಕೆ ಹೋಗಿ, ರಾತ್ರಿ ಬೆಂಚಿನ ಮೇಲೆ ಕೂತು, ಬೆಳಗ್ಗೆ ಮೊದಲ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಒಂದೊಂದು ದಿನ ಊಟವೂ ಇಲ್ಲ.

ಕೆಲಸ ಬಿಟ್ಟ ದಿನ ಅದೇ ಎಚ್‌ಆರ್ ಅವರ ಕಚೇರಿಯಲ್ಲಿ ಕೂತಿದ್ದೆ. "30ರ ಮೇಲಿನ ರಜೆ ಲ್ಯಾಪ್ಸ್ ಆಗಿದೆ. ನೀವು ತಗೊಳ್ಳಲಿಲ್ಲವಲ್ಲ" ಅಂದರು. ನಾನು ತಗೊಳ್ಳಲಿಲ್ಲವಂತೆ!

ಮುಂದಿನ ವರ್ಷಕ್ಕೆ ಹೋಗುವ ರಜೆಗೆ 30 ದಿನದ ಮಿತಿ ಇದೆ, ನಿಜ. ಆದರೆ ಅದೇ ಕಲಂ 79ರಲ್ಲಿ ಇನ್ನೊಂದು ಮಾತೂ ಇದೆ. ಸರಿಯಾಗಿ ಅರ್ಜಿ ಹಾಕಿಯೂ ರಜೆ ಸಿಗದಿದ್ದರೆ, ಆ ರಜೆ ಯಾವ ಮಿತಿಯೂ ಇಲ್ಲದೆ ಮುಂದಕ್ಕೆ ಹೋಗುತ್ತದೆ. ಎರಡು ವರ್ಷಗಳಲ್ಲಿ ಹೀಗೆ ನಿರಾಕರಿಸಿದ ನನ್ನ ರಜೆ 17 ದಿನ. ಅರ್ಜಿಗಳು ನನ್ನ ಹತ್ತಿರ ಇವೆ, ಮೇಲೆ ಅವರದೇ ಕೈಬರಹ ಇದೆ. ನನ್ನ ಜೊತೆಯವರಲ್ಲಿ ಹೆಚ್ಚಿನವರ ಹತ್ತಿರ ಇದೂ ಇಲ್ಲ. ಬಾಯಿಮಾತಿನಲ್ಲಿ ಕೇಳುತ್ತಾರೆ, ಬಾಯಿಮಾತಿನಲ್ಲೇ ಇಲ್ಲ ಅನ್ನಿಸಿಕೊಳ್ಳುತ್ತಾರೆ. ಆಮೇಲೆ ದಾಖಲೆಯಲ್ಲಿ ಅವರು ರಜೆ ಕೇಳಿಯೇ ಇಲ್ಲ. ಇದನ್ನು ಓದುವ ಅಕ್ಕಂದಿರೇ, ತಂಗಿಯರೇ, ರಜೆಯನ್ನು ಬರೆದು ಕೇಳಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

2025ರಲ್ಲಿ ಐದು ತಿಂಗಳು ದುಡಿದದ್ದಕ್ಕೂ ಏನೂ ಇಲ್ಲ ಅಂದರು. "240 ದಿನ ಆಗಲಿಲ್ಲ" ಅನ್ನುವುದು ಅವರ ಕಾರಣ. ಕೆಲಸದಲ್ಲಿ ಇರುವವರಿಗೆ ಆಗ ಆ 240 ದಿನದ ಷರತ್ತು ಇದ್ದದ್ದು ಸರಿ. ಕೆಲಸ ಬಿಟ್ಟವರಿಗೆ, ತೆಗೆದುಹಾಕಿದವರಿಗೆ, ನಿವೃತ್ತರಿಗೆ, ತೀರಿಕೊಂಡವರ ಮನೆಯವರಿಗೆ ಆ ಷರತ್ತು ಅಡ್ಡ ಬರುತ್ತಿರಲಿಲ್ಲ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಕೊಡಲೇಬೇಕಿತ್ತು. ಆ ಐದು ತಿಂಗಳಲ್ಲಿ ನಾನು ದುಡಿದದ್ದು 120 ದಿನ, ಅಂದರೆ 6 ದಿನದ ರಜೆ. 30 ಮತ್ತು 17 ಮತ್ತು 6 ಸೇರಿ 53 ದಿನ. ದಿನಕ್ಕೆ 900ರಂತೆ 47,700. ಇಷ್ಟೇ ನನ್ನ ಲೆಕ್ಕ. ಇದರಲ್ಲಿ ಎಲ್ಲಿ ತಪ್ಪಿದೆ ಅಂತ ನಿಮ್ಮ ಇಲಾಖೆಯ ಯಾರಾದರೂ ಒಬ್ಬರು ನನಗೆ ತೋರಿಸಲಿ.

ರಾಜೀನಾಮೆ ಕೊಟ್ಟವರಿಗೆ ಈ ಹಣ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಸಿಗಬೇಕು. ನನಗೆ ಆ 9,000 ಸಿಕ್ಕಿದ್ದು ಆಗಸ್ಟಿನಲ್ಲಿ. ಅದೂ "ನನ್ನ ಎಲ್ಲ ಬಾಕಿ ಸಂದಿದೆ, ಇನ್ನು ಏನೂ ಕೇಳುವುದಿಲ್ಲ" ಅನ್ನುವ ಕಾಗದಕ್ಕೆ ಸಹಿ ಹಾಕಿದರೆ ಮಾತ್ರ ಚೆಕ್ ಅಂದರು. ಮಗಳ ಫೀಸು ಕಟ್ಟಬೇಕಿತ್ತು, ಸಹಿ ಹಾಕಿದೆ. ಈಗ ಎಲ್ಲರೂ ಆ ಸಹಿಯನ್ನೇ ತೋರಿಸುತ್ತಾರೆ. ನಾನು ಬಿಟ್ಟ ಹೊತ್ತಿಗೆ ಜಾರಿಯಲ್ಲಿದ್ದ ವೇತನ ಪಾವತಿ ಕಾಯ್ದೆ 1936ರ ಕಲಂ 23 ಓದಿದವರಿಗೆ ಗೊತ್ತಿರುತ್ತದೆ, ಆ ಕಾಯ್ದೆ ಕೊಟ್ಟ ಹಕ್ಕನ್ನು ಒಪ್ಪಂದದಲ್ಲಿ ಬಿಟ್ಟುಕೊಟ್ಟರೆ ಆ ಒಪ್ಪಂದಕ್ಕೆ ಬೆಲೆ ಇಲ್ಲ. ಆದರೂ ಒಂದು ಕಚೇರಿಯಲ್ಲಿ ನನಗೆ ಹೇಳಿದ್ದು, "ಸಹಿ ಹಾಕಿದ್ದೀರಲ್ಲ ಅಮ್ಮ, ಇನ್ನೇನು?" ಅಂತ.

ಅಲ್ಲಿಂದ ಶುರುವಾಯಿತು ಅಲೆದಾಟ. ಒಂದು ಕಚೇರಿಯವರು ಇದು ಕಾರ್ಖಾನೆ ಕಾಯ್ದೆಯ ವಿಷಯ, ಕಾರ್ಖಾನೆ ನಿರೀಕ್ಷಕರ ಹತ್ತಿರ ಹೋಗಿ ಅಂದರು. ಅಲ್ಲಿ ಹೋದರೆ ಹಣದ ಬಾಕಿ ವಸೂಲಿ ನಮ್ಮದಲ್ಲ, ಅದು ಕಾರ್ಮಿಕ ಅಧಿಕಾರಿಗಳದ್ದು ಅಂದರು. ಎರಡೂ ನಿಮ್ಮ ಕೈಕೆಳಗಿನ ಕಚೇರಿಗಳೇ ಅಲ್ವಾ? ಅವರಿಬ್ಬರೂ ಒಮ್ಮೆ ಫೋನಿನಲ್ಲಿ ಮಾತಾಡಿಕೊಂಡಿದ್ದರೆ ನಾನು ಬಸ್ ಚಾರ್ಜು ಹಾಕಿಕೊಂಡು ಮಳೆಯಲ್ಲಿ ಓಡಾಡಬೇಕಾಗಿರಲಿಲ್ಲ. ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ ಅಂತಲೂ ಯಾರೂ ಹೇಳುತ್ತಿಲ್ಲ.

ನಾನು ಕೇಳುವುದು ಇಷ್ಟೇ. ಕೆಲಸ ಬಿಡುವ ಪ್ರತಿಯೊಬ್ಬರಿಗೂ ರಜೆಯ ಹಣದ ಲೆಕ್ಕವನ್ನು ಬರೆದು ಕೊಡಬೇಕು ಅಂತ ಆದೇಶ ಮಾಡಿ. ಎಷ್ಟು ದಿನ ಉಳಿದಿತ್ತು, ಅದರಲ್ಲಿ ನಿರಾಕರಿಸಿದ್ದು ಎಷ್ಟು, ಒಂದು ದಿನದ ಬೆಲೆ ಯಾವ ಮೊತ್ತವನ್ನು ಎಷ್ಟರಿಂದ ಭಾಗಿಸಿ ಬಂತು. ಒಂದು ಹಾಳೆ ಸಾಕು.

ಈಗ ಹೊಸ ಕಾನೂನು ಬಂದಿದೆ, ಎಲ್ಲ ಸರಿಹೋಗುತ್ತದೆ ಅಂತ ನೀವು ಹೇಳಬಹುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಗೊತ್ತು. ಕೆಲವು ಒಳ್ಳೆಯದು ಇದೆ, ಇಲ್ಲ ಅನ್ನುವುದಿಲ್ಲ. 240 ದಿನದ ಬದಲು 180 ದಿನ ದುಡಿದರೆ ಸಾಕು. ವರ್ಷದ ಕೊನೆಗೆ ಕಾರ್ಮಿಕ ಕೇಳಿದರೆ ಉಳಿದ ರಜೆಗೆ ಹಣ ಕೊಡಬೇಕು. 30 ದಾಟಿದ ರಜೆಗೂ ಹಣ ಪಡೆಯಬಹುದು. ನಿರಾಕರಿಸಿದ ರಜೆಗೆ ಈಗಲೂ ಮಿತಿ ಇಲ್ಲ.

ಆದರೆ ಒಂದು ದಿನದ ಬೆಲೆ? ಹಳೆಯ ಕಲಂ 80ರಲ್ಲಿದ್ದ ಹಾಗೆ ಬಿಡಿಸಿ ಹೇಳಿದ ಸೂತ್ರ, ಆ ನಾಲ್ಕರಲ್ಲಿ ರಜೆಯ ವಿಷಯ ಇರುವ ಕೆಲಸದ ಸುರಕ್ಷತೆ, ಆರೋಗ್ಯದ ಸಂಹಿತೆಯ ಕಲಂ 32ರಲ್ಲಿ ಇಲ್ಲ. ವೇತನ ಅಂದರೆ ಬೇಸಿಕ್ ಮತ್ತು ಡಿಎ ಅಂತ ಹೊಸ ವ್ಯಾಖ್ಯೆ. ಮನೆ ಬಾಡಿಗೆ, ಪ್ರಯಾಣದ ಭತ್ಯೆ ಹೊರಗೆ. ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ಮಾತ್ರ ವೇತನಕ್ಕೆ ಸೇರುತ್ತದೆ. ನನ್ನ ಸಂಬಳದಲ್ಲಿ ಭತ್ಯೆಗಳು ಅರ್ಧ ದಾಟುವುದಿಲ್ಲ. ಹಾಗಾಗಿ ವೇತನ ಅಂತ ಉಳಿಯುವುದು 14,400. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 554, 30ರಿಂದ ಭಾಗಿಸಿದರೆ 480. 53 ದಿನಕ್ಕೆ ಹೆಚ್ಚುಕಮ್ಮಿ ನಾಲ್ಕು ಸಾವಿರದ ವ್ಯತ್ಯಾಸ. ಎಷ್ಟರಿಂದ ಭಾಗಿಸಬೇಕು ಅಂತ ಬರೆಯದೆ ಬಿಟ್ಟರೆ ಕಂಪನಿಗಳು ಯಾವುದನ್ನು ಆರಿಸುತ್ತವೆ ಅಂತ ನಾನು ಹೇಳಬೇಕಾಗಿಲ್ಲ. ಒಬ್ಬೊಬ್ಬರಿಂದ ನಾಲ್ಕು ಸಾವಿರ, ಬೈಕಂಪಾಡಿಯಿಂದ ಉಡುಪಿಯವರೆಗೆ ಎಷ್ಟು ಕಾರ್ಖಾನೆಗಳಿವೆ ನೀವೇ ಎಣಿಸಿ.

ಸಂಹಿತೆಯನ್ನು ಮಾಡಿದ್ದು ದೆಹಲಿ, ಒಪ್ಪಿದೆ. ಆದರೆ ನಮ್ಮಂಥ ಕಾರ್ಖಾನೆಗಳಿಗೆ ನಿಯಮ ಬರೆಯುವ ಅಧಿಕಾರ ರಾಜ್ಯಕ್ಕೂ ಇದೆ. ರಜೆಯ ಒಂದು ದಿನದ ಬೆಲೆ ಎಷ್ಟರಿಂದ ಭಾಗಿಸಿ ಬರಬೇಕು ಅಂತ ಆ ನಿಯಮದಲ್ಲಿ ಒಂದೇ ಒಂದು ಸಾಲು ಬರೆಯಿಸಿ. 26 ಅಂತ ಬರೆಯಿಸಿ. ಭಾನುವಾರ ನಾವು ದುಡಿಯುವುದಿಲ್ಲ, ಆ ದಿನವನ್ನೂ ಸೇರಿಸಿ ನಮ್ಮ ದುಡಿಮೆಯ ದಿನದ ಬೆಲೆಯನ್ನು ತಗ್ಗಿಸುವುದು ನ್ಯಾಯವಲ್ಲ.

ಸರ್ಕಾರಿ ನೌಕರರು ನಿವೃತ್ತರಾಗುವಾಗ 300 ದಿನಗಳವರೆಗಿನ ಗಳಿಕೆ ರಜೆಗೆ ಹಣ ಪಡೆಯುತ್ತಾರೆ. ಅವರ ಬೇಸಿಕ್ ಜೊತೆ ಡಿಎ ಕೂಡ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಸಿಗಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ಅರ್ಜಿಯನ್ನು ಈ ಮೇಜಿನಿಂದ ಆ ಮೇಜಿಗೆ ದೂಡುತ್ತಿರುವ ಅಧಿಕಾರಿಗೆ ತನ್ನ ರಜೆಯ ಡಿಎ ಬಿಟ್ಟುಹೋಗಿದ್ದರೆ ಸುಮ್ನೆ ಕೂತಿರುತ್ತಿದ್ದರಾ?

ಹಾಗಾಗಿ ಮತ್ತೆ ಕೇಳುತ್ತೇನೆ. ಕೆಲಸ ಬಿಡುವವರಿಗೆ ರಜೆಯ ಲೆಕ್ಕ ಬರಹದಲ್ಲಿ ಸಿಗಬೇಕು. ರಜೆ ನಿರಾಕರಿಸುವವರು ಅದನ್ನೂ ಬರೆದೇ ಕೊಡಬೇಕು. ದಿನದ ಬೆಲೆಯ ಸೂತ್ರ ರಾಜ್ಯದ ನಿಯಮದಲ್ಲಿ ಇರಬೇಕು. ನಾನು ಕೆಲಸ ಬಿಟ್ಟದ್ದು ಸಂಹಿತೆ ಬರುವ ಮೊದಲು, ಆದ್ದರಿಂದ ನನ್ನ ಲೆಕ್ಕ ಕಲಂ 80ರ ಪ್ರಕಾರವೇ ಆಗಬೇಕು. ನನಗೆ ಬರಬೇಕಾದ 38,700 ರೂಪಾಯಿಯ ಅರ್ಜಿಯನ್ನು ಯಾವ ಅಧಿಕಾರಿ ವಿಚಾರಿಸುತ್ತಾರೆ, ವಿಚಾರಣೆ ಯಾವತ್ತು, ಇದನ್ನು ನಿಮ್ಮ ಕಚೇರಿಯಿಂದ ಲಿಖಿತವಾಗಿ ತಿಳಿಸಿ.

ಇಂತಿ,
ಬೈಕಂಪಾಡಿಯ ಕಾರ್ಖಾನೆಯೊಂದರ ಮಾಜಿ ಕಾರ್ಮಿಕೆ
ಕುಳಾಯಿ, ಮಂಗಳೂರು