ಫೋಟೊದಲ್ಲೇ ಲೆಕ್ಕ ಸಿಕ್ಕಿತು

ಮಾನ್ಯರೇ,

ದಾವಣಗೆರೆ ಎಪಿಎಂಸಿ ಬಳಿ ನಿಂತಿದ್ದ ಮೆಕ್ಕೆಜೋಳದ ಲಾರಿಯೊಂದರ ಫೋಟೊ ತೆಗೆದು, ಮನೆಗೆ ಬಂದು ಚೀಲ ಎಣಿಸಿದೆ. ಹಿಂದಿನಿಂದ ನೋಡಿದರೆ ಅಡ್ಡಕ್ಕೆ 4, ಪಕ್ಕದಿಂದ ಉದ್ದಕ್ಕೆ 6, ಎತ್ತರಕ್ಕೆ 10 ಸಾಲು. ಒಟ್ಟು 240. ಆದರೆ ಎಲ್ಲಕ್ಕಿಂತ ಮೇಲಿನ ಸಾಲು ಅರ್ಧವೇ ಇತ್ತು, ಅಲ್ಲಿ 12 ಕಳೆದೆ. ಉಳಿದದ್ದು 228. ಚೀಲಕ್ಕೆ 60 ಕೆಜಿ ಹಿಡಿದರೆ 13,680 ಕೆಜಿ. ಬಾಗಿಲ ಮೇಲೆ ಬರೆದಿದ್ದ ಖಾಲಿ ಗಾಡಿಯ ತೂಕ 6,500. ಸೇರಿಸಿದರೆ 20 ಟನ್ ದಾಟಿತು! ಆರು ಚಕ್ರದ ಲಾರಿಗೆ 2018ರ ನಿಯಮದಂತೆ ಒಟ್ಟು 18.5 ಟನ್ ಮಾತ್ರ.

ಚೀಲ ಸುಮ್ನೆ 60 ಅಂದುಕೊಂಡೆ, ಅಲ್ವಾ? 55ಕ್ಕೆ ಇಳಿಸಿದರೂ 19,040 ಕೆಜಿ, ಆಗಲೂ 540 ಕೆಜಿ ಜಾಸ್ತಿ. 52ಕ್ಕೆ ಇಳಿದರೆ ಮಾತ್ರ ಲಾರಿ ಬಚಾವ್. ಒಳಗಿನ ಸಾಲು ಖಾಲಿ ಬಿಟ್ಟಿದ್ದರೆ ಫೋಟೊಗೆ ಗೊತ್ತಾಗುವುದಿಲ್ಲ. ಆದರೆ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಗು ಬಿಟ್ಟು ನೇರವಾಗಿದ್ದವು. ಅದನ್ನು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ಇಂಥ ಗಾಡಿಗಳನ್ನು ಹೆದ್ದಾರಿ ಹತ್ತುವ ಮುನ್ನವೇ ವೇಬ್ರಿಡ್ಜ್‌ಗೆ ಏರಿಸಿ, ಚೀಟಿ ನೋಡಿ ಬಿಡಬೇಕು.

– ಒಬ್ಬ ಓದುಗ, ದಾವಣಗೆರೆ