ರಾಕ್ ಕೇಳುಗರು ಎಡವಿದ್ದು ಎಣಿಕೆಯಲ್ಲಿ

ಮಾನ್ಯ ಸಂಪಾದಕರೇ,

ಜಾಝ್-ರಾಕ್ ಫ್ಯೂಷನ್ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಎಲೆಕ್ಟ್ರಿಕ್ ವಾದ್ಯಗಳ ಅಬ್ಬರವೇ ರಾಕ್ ಅಭಿಮಾನಿಗಳನ್ನು ಎರಡು ಪಾಳಯ ಮಾಡಿತು ಎಂಬ ಅಲ್ಲಿನ ಮಾತನ್ನು ನಾನು ಒಪ್ಪಲಾರೆ. 1970ರ ಹೊತ್ತಿಗೆ ರಾಕ್ ಕೇಳುಗರ ಕಿವಿ ದೊಡ್ಡ ಆಂಪ್ಲಿಫೈಯರ್‌ಗಳ ಸದ್ದಿಗೆ ಚೆನ್ನಾಗಿ ಪಳಗಿತ್ತು. ಅವರನ್ನು ಫ್ಯೂಷನ್‌ನತ್ತ ಸೆಳೆದದ್ದೇ ಆ ಸದ್ದು. ಹಲವರು ಬಾಗಿಲವರೆಗೆ ಬಂದು ತಿರುಗಿ ಹೋದದ್ದು ತಾಳದ ಎಣಿಕೆಗೆ ಬೆಚ್ಚಿ, ಮನೋಧರ್ಮದ ರೀತಿ ಹಿಡಿತಕ್ಕೆ ಸಿಗದೆ.

ಫ್ಯೂಷನ್ ತಂಡವಾದ ಮಹಾವಿಷ್ಣು ಆರ್ಕೆಸ್ಟ್ರಾವನ್ನೇ ನೋಡೋಣ. ಗಿಟಾರ್‌ನಲ್ಲಿ ಜಾನ್ ಮೆಕ್‌ಲಾಫ್ಲಿನ್, ಡ್ರಮ್ಸ್‌ನಲ್ಲಿ ಬಿಲ್ಲಿ ಕೋಬ್‌ಹ್ಯಾಮ್, ಕೀಬೋರ್ಡ್‌ನಲ್ಲಿ ಯಾನ್ ಹ್ಯಾಮರ್, ವಯಲಿನ್‌ನಲ್ಲಿ ಜೆರ್ರಿ ಗುಡ್‌ಮನ್, ಬೇಸ್‌ನಲ್ಲಿ ರಿಕ್ ಲೇರ್ಡ್. 1973ರಲ್ಲಿ ಬಂದ ಇವರ ‘ಬರ್ಡ್ಸ್ ಆಫ್ ಫೈರ್’ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತು. ಹಾಡುಗಾರನೇ ಇಲ್ಲದ ಆಲ್ಬಂ ಅಷ್ಟು ಮೇಲೇರಬೇಕಾದರೆ ರಾಕ್ ಕೇಳುಗರೂ ಕೊಂಡಿರಲೇಬೇಕು.

ಅದೇ ಹೆಸರಿನ ಮೊದಲ ಕೃತಿಯ ಆವರ್ತ 18 ಎಣಿಕೆಯದು. ರಾಕ್ ಕೇಳುಗನ ಕಾಲು ತಾನಾಗಿ ನಾಲ್ಕರಂತೆ ತಟ್ಟುತ್ತದೆ, ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಸ್ನೇರ್ ಡ್ರಮ್ ಬೀಳಲೆಂದು ಕಾಯುತ್ತದೆ. ನಾಲ್ಕರಂತೆ ತಟ್ಟುತ್ತಾ ಹೋದರೆ 16ಕ್ಕೆ ನಾಲ್ಕು ಗುಂಪು ಮುಗಿದು ಇನ್ನೆರಡು ಉಳಿಯುತ್ತವೆ. ಹಾಗಾಗಿ ಎರಡನೇ ಆವರ್ತದ ಸಮ, ಅಂದರೆ ಮೊದಲ ಪೆಟ್ಟು, ಬರುವುದು ಕೇಳುಗನ ಗುಂಪಿನ ನಡುಮಧ್ಯದಲ್ಲಿ. 36 ಎಣಿಕೆ ಕಳೆದ ಮೇಲಷ್ಟೇ ಎರಡೂ ಮತ್ತೆ ಕೂಡುತ್ತವೆ. ಅಷ್ಟರೊಳಗೆ ‘ಇವರಿಗೆ ಲಯವೇ ಇಲ್ಲ’ ಎಂದು ತೀರ್ಮಾನಿಸಿದವರು ಒಂದು ಪಾಳಯ, ಮತ್ತೊಮ್ಮೆ ಮೊದಲಿಂದ ಹಾಕಿ ಎಣಿಸಿದವರು ಇನ್ನೊಂದು. ಇದಕ್ಕೂ ಹಿಂದೆ ಬಂದ ಇವರ ಮೊದಲ ಆಲ್ಬಂನ ‘ದ ಡಾನ್ಸ್ ಆಫ್ ಮಾಯಾ’ ಇನ್ನೂ ಪೇಚಿನದು. ಅದರ ನಡುವೆ ಪಕ್ಕಾ ಬ್ಲೂಸ್ ಓಟ ಬರುತ್ತದೆ, ರಾಕ್ ಕೇಳುಗನಿಗೆ ತವರಿಗೆ ಬಂದಂತಾಗುತ್ತದೆ. ಆದರೆ ಆ ಓಟವನ್ನು ಬಿಗಿದಿರುವುದು ಹತ್ತರ ಲೆಕ್ಕಕ್ಕೆ. ಕೊನೆಗೆ ಆರಂಭದ ನಿಧಾನ ಗಿಟಾರ್ ಸ್ವರಮಾಲೆಯೂ ಈ ಬ್ಲೂಸೂ ಒಂದರ ಮೇಲೊಂದು ಕೂರುತ್ತವೆ. ಎರಡಕ್ಕೂ ಒಂದೇ ಲೆಕ್ಕವೆಂದು ಹೊಳೆಯುವುದು ಆಗಲೇ.

ಇನ್ನು ವಿದ್ಯುತ್ತಿನ ಮಾತು. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ ಸ್ವರ ಒಡೆಯುತ್ತದೆ. ಆಗ ಒಟ್ಟಿಗೆ ನುಡಿಸಿದ ಎರಡು ಸ್ವರಗಳ ಕಂಪನಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಕೇಳಿಸುತ್ತವೆ. ಷಡ್ಜ 200 ಹರ್ಟ್ಸ್, ಪಂಚಮ 300 ಎಂದಿಟ್ಟುಕೊಳ್ಳಿ. ಹುಟ್ಟುವುದು 100 ಮತ್ತು 500: ಕೆಳಗಿನ ಷಡ್ಜ, ಮೇಲಿನ ಗಾಂಧಾರ. ಎರಡೂ ಹೊಂದಿಕೊಂಡು ಸದ್ದು ದಪ್ಪವಾಗುತ್ತದೆ. ಷಡ್ಜದ ಜೊತೆ 225 ಹರ್ಟ್ಸ್‌ನ ರಿಷಭ ನುಡಿಸಿದರೆ ಹುಟ್ಟುವುದು 25 ಮತ್ತು 425. ಮೊದಲನೆಯದು ಬರೀ ಗುಡುಗು, ಎರಡನೆಯದು ಈ ಜೋಡಿಯೊಂದಿಗೆ ಹೊಂದದು. ನಾಲ್ಕೈದು ಸ್ವರಗಳನ್ನು ಒಟ್ಟಿಗೆ ನುಡಿಸುವ ಜಾಝ್‌ನ ಕಾರ್ಡ್‌ಗಳಲ್ಲಿ ಇಂಥ ಜೋಡಿಗಳು ಬೇಕಾದಷ್ಟಿರುವುದರಿಂದ ರಾಕ್‌ನ ಒಡೆದ ಸದ್ದಿನಲ್ಲಿ ಅವನ್ನು ಇಡಿಯಾಗಿ ಮೀಟಿದರೆ ಕಲಸುಮೇಲೋಗರ. ಒಂದೊಂದೇ ಸ್ವರವಾಗಿ ಬಿಡಿಸಿ ನುಡಿಸಿದರೆ ಈ ತೊಡಕಿಲ್ಲ. ಆರು ಮತ್ತು ಹನ್ನೆರಡು ತಂತಿಗಳ ಜೋಡಿ ಕತ್ತಿನ ಗಿಬ್ಸನ್ ಗಿಟಾರ್‌ನಲ್ಲಿ ಮೆಕ್‌ಲಾಫ್ಲಿನ್ ಕಾರ್ಡ್‌ಗಳನ್ನು ಅಷ್ಟೊಂದು ಬಿಡಿಸಿ ನುಡಿಸಿದ್ದು ಏಕೆ ಕಿವಿಗೆ ಸ್ಪಷ್ಟ ಎಂಬುದಕ್ಕೆ ಉತ್ತರ ಇಲ್ಲಿದೆ. ಮುಂದೆ ಈ ಶೈಲಿಯನ್ನು ಅನುಕರಿಸಲು ಹೋಗಿ ಆಂಪ್ಲಿಫೈಯರ್‌ನ ಗೇನ್ ಏರಿಸಿ ಇಡೀ ಕಾರ್ಡ್ ಬಾರಿಸುವವರಲ್ಲಿ ಕೆಡುವುದೂ ಇಲ್ಲೇ.

ಹ್ಯಾಮರ್‌ನ ಮಿನಿಮೂಗ್ ಸಿಂಥಸೈಜರ್ ಒಮ್ಮೆಗೆ ಒಂದೇ ಸ್ವರ ನುಡಿಯುವ ವಾದ್ಯ. ಕೀಲಿಗಳ ಎಡಕ್ಕಿರುವ ಚಕ್ರ ತಿರುಗಿಸಿ ಆತ ಸ್ವರವನ್ನು ಗಿಟಾರ್ ತಂತಿ ಎಳೆದಂತೆ ಬಾಗಿಸುತ್ತಿದ್ದ. ‘ಒನ್ ವರ್ಡ್’ ಕೃತಿಯಲ್ಲಿ ಗಿಟಾರ್, ವಯಲಿನ್, ಮೂಗ್ ಸರದಿಯಂತೆ ಪ್ರಶ್ನೋತ್ತರ ನಡೆಸುವಾಗ ಯಾರು ಎಲ್ಲಿ ಬಿಟ್ಟರು, ಯಾರು ಹಿಡಿದರು ಎಂದು ಗುರುತಿಸುವುದೇ ಕಷ್ಟ. ಒಬ್ಬ ಗಿಟಾರ್ ನಾಯಕನನ್ನು ಹಿಂಬಾಲಿಸಿ ರೂಢಿಯಾದವರಿಗೆ ಇದು ಬರೀ ವೇಗದ ಪ್ರದರ್ಶನವಾಗಿ ಕಂಡಿತು. ಅವರ ದೂರಿನಲ್ಲಿ ನಿಜವೂ ಇದೆ: ಮರಳಿ ಬಂದು ನಿಲ್ಲಲು ಪಲ್ಲವಿಯಂಥ ಹಾಡಿನ ಸಾಲು ಇಲ್ಲಿಲ್ಲ.

ಇಲ್ಲಿ ಪಲ್ಲವಿಯ ಕೆಲಸ ಮಾಡುವುದು ಲೇರ್ಡ್‌ನ ಬೇಸ್. ಮೇಲೆ ಎಲ್ಲರೂ ಹಾರುತ್ತಿರುವಾಗ ಆತ ಅದೇ ಸಾಲನ್ನು ತಿರುಗಿ ತಿರುಗಿ ನುಡಿಸುತ್ತಾನೆ. ಡ್ರಮ್ಸ್ ಹಿಂದೆ ಹೋದರೆ ದಾರಿ ತಪ್ಪುತ್ತದೆ, ಏಕೆಂದರೆ ಕೋಬ್‌ಹ್ಯಾಮ್ ತಾನೂ ಒಬ್ಬ ಮನೋಧರ್ಮಿ. ಬೇಸ್ ಹಿಡಿದು ಸಮ ಗುರುತಿಸಿಕೊಂಡ ಮೇಲೆ ಗಿಟಾರ್ ಅದರಿಂದ ಎಷ್ಟು ದೂರ ಹೋಗಿ ಎಲ್ಲಿ ಬಂದು ಕೂಡುತ್ತದೆ ಎಂಬುದು ತಿಳಿಯುತ್ತದೆ. ಕೈಯಲ್ಲಿ ತಾಳ ಹಾಕಿ ತನಿ ಆವರ್ತನ ಕೇಳುವ ನಮ್ಮವರಿಗೆ ಇದು ಹೊಸದಲ್ಲ.

ಮುಂದೆ ಇಂಥ ಸಂಗೀತದ ಬಗ್ಗೆ ಲೇಖನ ಪ್ರಕಟಿಸುವಾಗ ಕೃತಿಯ ಹೆಸರಿನ ಪಕ್ಕದಲ್ಲಿ ಅದರ ಆವರ್ತದ ಎಣಿಕೆಯನ್ನೂ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಬೆಂಗಳೂರು